ರಕ್ತದಾನ ಶಿಬಿರದ ಮೆಸೇಜ್: ನಾಲ್ಕೇ ಸಾಲು ಸಾಕು

ನಮಸ್ಕಾರ. ನಿಮ್ಮ ಸಂಘದಿಂದ ರಕ್ತದಾನ ಶಿಬಿರ ಇಟ್ಟುಕೊಂಡಿದ್ದೀರಿ. ಬ್ಲಡ್ ಬ್ಯಾಂಕಿನವರೂ ಬರಲು ಒಪ್ಪಿದ್ದಾರೆ. ಈಗ ಗ್ರೂಪುಗಳಿಗೆ ಒಂದು ಮೆಸೇಜ್ ಹೋಗಬೇಕು. ಇವತ್ತಿನ ಮಾತು ಆ ಮೆಸೇಜಿನ ಬಗ್ಗೆ ಮಾತ್ರ. ಅದರಲ್ಲಿ ಘೋಷಣೆ ಕಡಿಮೆ ಮಾಡಿ, ವಿವರ ಜಾಸ್ತಿ ಕೊಡಿ. ರಕ್ತ ಕೊಡುವ ಮನಸ್ಸು ತುಂಬಾ ಜನಕ್ಕೆ ಇದೆ. ಯಾವತ್ತು, ಎಲ್ಲಿ, ಯಾರನ್ನು ಕೇಳಬೇಕು ಅನ್ನೋದು ಸರಿಯಾಗಿ ಗೊತ್ತಾಗದೆ ಅವರು ಹಿಂದೆ ಸರಿಯುತ್ತಾರೆ.

ಮೊದಲು ತಾರೀಖು. ‘ಈ ಭಾನುವಾರ ಶಿಬಿರ ಇದೆ’ ಅಂತ ಬರೆಯಲೇಬೇಡಿ. ಮೆಸೇಜ್ ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹೋಗುತ್ತಾ ಇರುತ್ತದೆ. ಶಿಬಿರ ಮುಗಿದು ತಿಂಗಳಾದ ಮೇಲೆ ಅದನ್ನು ಓದಿದವರಿಗೂ ಅದು ‘ಈ ಭಾನುವಾರ’ವೇ! ಪಾಪ, ಯಾರೋ ರಜೆ ದಿನ ಎದ್ದು ಬಂದು ಮುಚ್ಚಿದ ಬಾಗಿಲು ನೋಡಿಕೊಂಡು ವಾಪಸ್ ಹೋಗುತ್ತಾರೆ. ಆಮೇಲೆ ಅವರು ಇಂಥ ಮೆಸೇಜ್ ನಂಬುವುದು ಕಷ್ಟ. ದಿನ, ತಿಂಗಳು, ವರ್ಷ, ವಾರ, ಶುರುವಾಗುವ ಮತ್ತು ಮುಗಿಯುವ ಸಮಯ, ಎಲ್ಲವೂ ಇರಲಿ.

ತಾರೀಖು ಗೊತ್ತು ಮಾಡುವ ಮೊದಲೇ ಬ್ಲಡ್ ಬ್ಯಾಂಕಿನವರನ್ನು ಒಂದು ಮಾತು ಕೇಳಿ: ನಿಮಗೆ ಯಾವಾಗ ರಕ್ತ ಬೇಕು? ಕೊಟ್ಟ ರಕ್ತದಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರೆ ಮಾಡುತ್ತಾರೆ. ಕೆಂಪು ಕಣವನ್ನು ತಣ್ಣಗಿಟ್ಟರೆ ಐದಾರು ವಾರ ಬರುತ್ತದೆ. ಪ್ಲೇಟ್‌ಲೆಟ್ ಮಾತ್ರ ಸಾಮಾನ್ಯವಾಗಿ 5 ದಿನಕ್ಕೇ ಮುಗಿಯಿತು. ಹಾಗಾಗಿ ನಾಲ್ಕು ಸಂಘದವರು ಒಂದೇ ದಿನ ಶಿಬಿರ ಮಾಡಿದರೆ ಆ ವಾರ ತುಂಬಿ ತುಳುಕುತ್ತದೆ, ಮುಂದಿನ ತಿಂಗಳು ಖಾಲಿ. ವಿಶೇಷ ದಿನವೇ ಬೇಕು ಅನ್ನುವ ಹಟ ಬಿಟ್ಟು, ಬೇರೆಯವರು ಮಾಡದ ವಾರ ಹಿಡಿಯುವುದೇ ಒಳ್ಳೆಯದು.

ಇನ್ನು ಜಾಗ. ಕಟ್ಟಡದ ಹೆಸರು ಹಾಕಿ ಸುಮ್ನಾಗಬೇಡಿ. ಯಾವ ಗೇಟು, ಯಾವ ಮಹಡಿ ಅಂತ ಬರೆಯಿರಿ. ಆದಷ್ಟು ನೆಲಮಹಡಿಯಲ್ಲೇ ಮಾಡಿ. ರಕ್ತ ಕೊಟ್ಟ ಕೂಡಲೇ ಎದ್ದು ನಡೆದರೆ ಕೆಲವರಿಗೆ ತಲೆ ಸುತ್ತುತ್ತದೆ, ಅಂಥವರಿಗೆ ಮೆಟ್ಟಿಲು ಬೇಡ. ಹತ್ತು ಹದಿನೈದು ನಿಮಿಷ ಕೂತು ಏನಾದರೂ ಕುಡಿದು ಹೋಗಲು ಒಂದಷ್ಟು ಕುರ್ಚಿ ಹಾಕಿರಿ.

ಫೋನ್ ನಂಬರ್ ಒಂದೇ ಸಾಕು, ಆದರೆ ಅದನ್ನು ಎತ್ತುವವರು ಇರಬೇಕು. ಅಧ್ಯಕ್ಷರ ನಂಬರ್ ಹಾಕುವುದು ಮರ್ಯಾದೆಗೆ ಸರಿ, ಅವರು ಎತ್ತುತ್ತಾರಾ? ಕರೆ ಮಾಡುವವರು ಕೇಳುವುದೆಲ್ಲ ಸಣ್ಣ ಸಣ್ಣ ವಿಷಯ. ಬಿಪಿ ಮಾತ್ರೆ ತಗೋತೀನಿ, ಕೊಡಬಹುದಾ? ಹಚ್ಚೆ ಹಾಕಿಸಿಕೊಂಡಿದ್ದೀನಿ, ಪರವಾಗಿಲ್ವಾ? ಇದಕ್ಕೆಲ್ಲ ಊಹೆ ಮೇಲೆ ಉತ್ತರ ಕೊಡಬೇಡಿ. ಇದಕ್ಕೆಲ್ಲ ನಿಯಮ ಇರುತ್ತದೆ. ಬ್ಲಡ್ ಬ್ಯಾಂಕಿನಿಂದ ಮೊದಲೇ ಪಟ್ಟಿ ತರಿಸಿ ಹತ್ತಿರ ಇಟ್ಟುಕೊಳ್ಳಿ. ‘ಕೊನೇ ಮಾತು ಅಲ್ಲಿನ ಡಾಕ್ಟರದ್ದು’ ಅಂತ ಹೇಳಿ.

ಇಷ್ಟೂ ಸೇರಿದರೆ ಹೀಗಾಗುತ್ತದೆ. ತಾರೀಖು, ಜಾಗ ಬರೀ ಉದಾಹರಣೆಗೆ:

“ಎಲ್ಲರಿಗೂ ನಮಸ್ಕಾರ. 2027ರ ಮಾರ್ಚ್ 14, ಭಾನುವಾರ, ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ನಮ್ಮ ರಕ್ತದಾನ ಶಿಬಿರ.
ಸಮುದಾಯ ಭವನ, ನೆಲಮಹಡಿ. ಹಿಂದಿನ ಗೇಟಿನಿಂದ ಬನ್ನಿ.
ಖಾಲಿ ಹೊಟ್ಟೆಯಲ್ಲಿ ಬರಬೇಡಿ. ತಿಂಡಿ ತಿಂದು, ಚೆನ್ನಾಗಿ ನೀರು ಕುಡಿದು, ಗುರುತಿನ ಚೀಟಿ ತನ್ನಿ. ತಪಾಸಣೆ, ವಿಶ್ರಾಂತಿ ಸೇರಿ ಸುಮಾರು ಒಂದು ಗಂಟೆ ಬೇಕು.
ಏನೇ ಅನುಮಾನ ಇದ್ದರೂ ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೆ ನನಗೆ ಫೋನ್ ಮಾಡಿ.” ಕೆಳಗೆ ಹೆಸರು, ನಂಬರ್.

‘ನನಗೆ’ ಅಂತ ಒಬ್ಬರು ಮುಂದೆ ನಿಂತಾಗ ಓದುವವರಿಗೆ ಕರೆ ಮಾಡಲು ಧೈರ್ಯ ಬರುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ‘ನಮ್ಮ ಮನೆಯಿಂದ ಮೂವರು, ನಿಮ್ಮಿಂದ ಎಷ್ಟು?’ ಅಂತ ಗ್ರೂಪಿನಲ್ಲಿ ಲೆಕ್ಕ ಕೇಳಬೇಡಿ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ತೂಕ ಸಾಲದಿದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲ. ಯಾರಿಗೂ ಹೇಳಿಕೊಳ್ಳಲಾಗದ ಕಾರಣಗಳೂ ಇರುತ್ತವೆ. ಒತ್ತಾಯಕ್ಕೆ ಬಂದವರು ಡಾಕ್ಟರ ಪ್ರಶ್ನೆಗೆ ನಿಜ ಮುಚ್ಚಿಟ್ಟರೆ, ಆ ರಕ್ತ ಪಡೆಯುವ ರೋಗಿಗೇ ಅಪಾಯ. ತಪಾಸಣೆ ಆಗಿ ವಾಪಸ್ ಬಂದವರನ್ನು ಯಾಕೆ ಅಂತ ಕೇಳಬೇಡಿ. ಕೂರಿಸಿ, ಕಾಫಿ ಕೊಟ್ಟು, ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳಿ.

ಶಿಬಿರ ಮುಗಿದ ಸಂಜೆ ಅದೇ ಗ್ರೂಪುಗಳಿಗೆ ಇನ್ನೊಂದು ಮೆಸೇಜ್ ಹಾಕಿ: ಶಿಬಿರ ಮುಗಿಯಿತು, ಇಷ್ಟು ಯೂನಿಟ್ ಆಯಿತು, ಹಳೆಯ ಮೆಸೇಜ್ ಇನ್ನು ಯಾರಿಗೂ ಕಳಿಸಬೇಡಿ.