ಗಾಳಿಯ ಮೇಲೆ ಹೊರಿಸಿದ ತಪ್ಪು

ಕೇಳುಗರಿಗೆ ನಮಸ್ಕಾರ.

1852ರ ಜನವರಿ. ಇಂಗ್ಲೆಂಡಿನ ದಕ್ಷಿಣ ತೀರದ ಗಾಸ್‌ಪೋರ್ಟ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ದಿನಸಿ ಉಗ್ರಾಣ. ಅಧಿಕಾರಿಗಳು ಎದುರಿಗೆ ನಿಂತು ಮಾಂಸದ ಡಬ್ಬಿಗಳನ್ನು ಒಂದೊಂದಾಗಿ ತೆಗೆಸುತ್ತಿದ್ದಾರೆ. ಒಂದು ಡಬ್ಬಿ ತೆಗೆದರೆ ನಾತ. ಇನ್ನೊಂದು ತೆಗೆದರೆ ಇನ್ನೂ ಜಾಸ್ತಿ ನಾತ. ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚಿಕೊಂಡೇ ಕೆಲಸ ಮಾಡಬೇಕಾಯಿತು. ಮೊದಲಿಗೆ ತೆಗೆದ 306 ಡಬ್ಬಿಗಳಲ್ಲಿ ತಿನ್ನೋಕೆ ಆಗುವಂಥದ್ದು ಸಿಕ್ಕಿದ್ದು ಬರೀ 42. ಕೊಳೆತದ್ದನ್ನೆಲ್ಲ ಸಮುದ್ರಕ್ಕೆ ಸುರಿದರು.

ಒಂದು ವೇಳೆ ಇದು ಹೊಸ ವಿದ್ಯೆಯಾಗಿದ್ದರೆ, ಇನ್ನೂ ಪಳಗಿಲ್ಲ ಅಂತ ಸುಮ್ಮನಾಗಬಹುದಿತ್ತು. ಆದರೆ ಆಹಾರವನ್ನು ಡಬ್ಬಿಯಲ್ಲಿ ಮುಚ್ಚಿ ಕುದಿಸಿ ಇಡುವುದು ಆಗಲೇ ನಲವತ್ತು ವರ್ಷದಿಂದ ನಡೆದುಬಂದಿತ್ತು. ಇದೇ ನೌಕಾಪಡೆಯ ನಾವಿಕರು ಅದನ್ನು ತಿಂದು ಉತ್ತರ ಧ್ರುವದ ಹಿಮದಲ್ಲಿ ಚಳಿಗಾಲ ಕಳೆದಿದ್ದರು. ಹಾಗಾದರೆ ನಲವತ್ತು ವರ್ಷ ಕೈಹಿಡಿದ ವಿದ್ಯೆ ಈಗ ಯಾಕೆ ಕೈಕೊಟ್ಟಿತು?

ಅದಕ್ಕೆ ಉತ್ತರ ಹುಡುಕಲು ಪ್ಯಾರಿಸ್ಸಿನ ಒಬ್ಬ ಮಿಠಾಯಿ ವ್ಯಾಪಾರಿಯ ಹತ್ತಿರ ಹೋಗಬೇಕು. ಅವನ ಹೆಸರು ನಿಕೊಲಾ ಅಪೇರ್. ಹುಟ್ಟಿದ್ದು 1749ರಲ್ಲಿ. ಓದಿದ ವಿಜ್ಞಾನಿಯಲ್ಲ, ಅಡುಗೆಯವನು. ಸಕ್ಕರೆ ಪಾಕದಲ್ಲಿ ಹಣ್ಣು ಇಟ್ಟರೆ ಕೆಡುವುದಿಲ್ಲ ಅಂತ ಅವನಿಗೆ ಗೊತ್ತು. ಉಪ್ಪು ಹಾಕಿದರೆ, ಒಣಗಿಸಿದರೆ, ಹೊಗೆ ಕೊಟ್ಟರೆ ಕೆಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹಾಗೆ ಮಾಡಿದ ಪದಾರ್ಥಕ್ಕೆ ಮೂಲದ ರುಚಿ ಉಳಿಯುವುದಿಲ್ಲವಲ್ಲ! ಬಟಾಣಿ ಬಟಾಣಿಯಂತೆಯೇ ಇರಬೇಕು, ಸಾರು ಸಾರಿನಂತೆಯೇ ಇರಬೇಕು. ಅಪೇರ್‌ಗೆ ಬೇಕಾಗಿದ್ದದ್ದು ಅದು.

ಅವನ ಹಸಿಬಟಾಣಿಯ ಕ್ರಮವನ್ನೇ ನೋಡೋಣ. ಕಿತ್ತ ತಕ್ಷಣ ಸುಲಿದು, ಶಾಂಪೇನ್ ಸೀಸೆಯಂಥ ದಪ್ಪ ಗಾಜಿನ ಸೀಸೆಗೆ ತುಂಬುತ್ತಾನೆ. ಸಂದಿ ಉಳಿಯದಂತೆ ಸೀಸೆಯನ್ನು ಮೆಲ್ಲಗೆ ಕುಟ್ಟುತ್ತಾನೆ. ಕಾಳು ಕೂತಮೇಲೆ ಬಿರಡೆಯ ಕೆಳಗೆ ಒಂದಿಷ್ಟು ಜಾಗ ಬಿಡುತ್ತಾನೆ. ಬಿಡದಿದ್ದರೆ ಬಿಸಿಗೆ ಹಿಗ್ಗಿ ಸೀಸೆ ಒಡೆಯುತ್ತದೆ. ಆಮೇಲೆ ಬಿರಡೆ ಜಡಿದು, ತಂತಿ ಕಟ್ಟುತ್ತಾನೆ. ಅಗಲ ಬಾಯಿಯ ಸೀಸೆಗಳಿಗೆ ಬಿರಡೆಯ ತುಂಡುಗಳನ್ನು ಮೀನಿನ ಅಂಟಿನಿಂದ ಜೋಡಿಸಿ ದೊಡ್ಡ ಬಿರಡೆ ಮಾಡಿಕೊಳ್ಳುತ್ತಿದ್ದ. ಅದರ ಮೇಲೆ ಸುಣ್ಣ ಮತ್ತು ಚೀಸ್ ಕಲಸಿ ಮೆತ್ತುತ್ತಿದ್ದ. ಹೌದು, ಚೀಸ್! ಸುಣ್ಣದ ಜೊತೆ ಸೇರಿದರೆ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಪ್ರತಿ ಸೀಸೆಗೂ ಒಂದೊಂದು ಬಟ್ಟೆ ಚೀಲ. ಒಂದು ಒಡೆದರೂ ಚೂರು ಚೀಲದಲ್ಲೇ ಉಳಿಯಲಿ ಅಂತ. ಚೀಲದ ಸಮೇತ ಹಂಡೆಯಲ್ಲಿ ನಿಲ್ಲಿಸಿ, ತಣ್ಣೀರು ತುಂಬಿ, ಕೆಳಗೆ ಬೆಂಕಿ. ನೀರು ಕುದಿ ಬಂದಮೇಲೆ ಬಟಾಣಿಗೆ ಒಂದೂವರೆ ಗಂಟೆ. ಸೆಕೆ, ಒಣಹವೆ ಇದ್ದ ವರ್ಷವಾದರೆ ಎರಡು ಗಂಟೆ. ಯಾಕೆ ಅಂತ ಕೇಳಿದರೆ ಅವನ ಹತ್ತಿರ ಸಿದ್ಧಾಂತ ಇಲ್ಲ. ಮಾಡಿ ನೋಡಿ, ಕೆಟ್ಟದ್ದನ್ನು ಬಿಸಾಡಿ, ಮತ್ತೆ ಮಾಡಿ ಕಂಡುಕೊಂಡ ಲೆಕ್ಕ.

1803ರಲ್ಲಿ ಫ್ರಾನ್ಸಿನ ನೌಕಾಪಡೆ ಬ್ರೆಸ್ಟ್ ಬಂದರಿನಲ್ಲಿ ಈ ಸೀಸೆಗಳನ್ನು ಪರೀಕ್ಷೆ ಮಾಡಿತು. ಮೂರು ತಿಂಗಳ ನಂತರ ತೆಗೆದರೆ ಸಾರು ಚೆನ್ನಾಗಿತ್ತು, ಬಟಾಣಿಯಂತೂ ಈಗ ತಾನೇ ಕಿತ್ತ ಹಾಗಿತ್ತು. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕ್ ಕೊಟ್ಟಿತು. ಗುಟ್ಟನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕು ಅನ್ನುವುದು ಷರತ್ತು. ನೆಪೋಲಿಯನ್ ತನ್ನ ಸೈನ್ಯಕ್ಕಾಗಿ ಸ್ಪರ್ಧೆ ಇಟ್ಟ, ಅಪೇರ್ ಗೆದ್ದ ಅಂತ ಒಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಕೇಳೋಕೆ ಚೆಂದ, ಆದರೆ ನಡೆದದ್ದು ಅಷ್ಟು ನಾಟಕೀಯವಲ್ಲ. ಅದು ಒಂದು ಸಲಹಾ ಮಂಡಳಿ ನೋಡಿ, ಒಪ್ಪಿ, ಮಂತ್ರಿಯಿಂದ ಮಂಜೂರಾದ ಹಣ. ಗಾಜಿನ ಸೀಸೆ ಹೊತ್ತುಕೊಂಡು ಯುದ್ಧಕ್ಕೆ ನಡೆಯುವುದೂ ಸುಲಭವಲ್ಲ, ಅಲ್ವಾ? ಹಡಗಿನವರಿಗೇ ಅದು ಮೊದಲು ಒಗ್ಗಿದ್ದು.

ಈಗ ಕಥೆಯ ತಿರುವು. ಸೀಸೆ ಯಾಕೆ ಕೆಡುವುದಿಲ್ಲ ಅಂತ ಹೇಳಲು ದೊಡ್ಡ ರಸಾಯನ ವಿಜ್ಞಾನಿ ಗೇ ಲ್ಯುಸಾಕ್ ಮುಂದೆ ಬಂದ. ಸೀಸೆಯೊಳಗಿನ ಗಾಳಿಯನ್ನು ಪರೀಕ್ಷಿಸಿದ. ಅದರಲ್ಲಿ ಆಮ್ಲಜನಕ ಇರಲಿಲ್ಲ. ಹಾಗಾದರೆ ಆಹಾರವನ್ನು ಕೆಡಿಸುವುದು ಆಮ್ಲಜನಕವೇ, ಬಿಸಿ ಅದನ್ನು ತೆಗೆದುಹಾಕುತ್ತದೆ ಅಂತ ತೀರ್ಮಾನಿಸಿದ. ಅವನು ಅಳೆದದ್ದು ಸರಿ. ಬಿಸಿಯಲ್ಲಿ ಆಹಾರವೇ ಆಮ್ಲಜನಕವನ್ನು ಹೀರಿಕೊಂಡಿತ್ತು. ತೀರ್ಮಾನ ಮಾತ್ರ ತಪ್ಪು. ಆದರೆ ಅವನಂಥವನು ಹೇಳಿದಮೇಲೆ ಮುಗಿಯಿತು. ಗಾಳಿಯೇ ಕಳ್ಳ ಅನ್ನುವ ಮಾತು ಐವತ್ತು ವರ್ಷ ನಿಂತುಬಿಟ್ಟಿತು.

ಅದೇ 1810ರಲ್ಲಿ ಲಂಡನ್ನಿನಲ್ಲಿ ಪೀಟರ್ ಡುರಾಂಡ್ ಅನ್ನುವವನು ಇಂಥದ್ದೇ ವಿಧಾನಕ್ಕೆ ಪೇಟೆಂಟ್ ಪಡೆದ. ಅದರಲ್ಲಿ ಗಾಜಿನ ಜೊತೆ ತವರ ಲೇಪಿಸಿದ ತಗಡಿನ ಡಬ್ಬಿಯೂ ಇತ್ತು. ಬ್ರಯನ್ ಡಾಂಕಿನ್ ಮತ್ತು ಅವನ ಪಾಲುದಾರರು ಆ ಪೇಟೆಂಟ್ ಕೊಂಡು, 1813ರ ಹೊತ್ತಿಗೆ ಬರ್ಮಂಡ್ಸಿಯಲ್ಲಿ ಕಾರ್ಖಾನೆ ನಡೆಸುತ್ತಿದ್ದರು. ಡಬ್ಬಿಯನ್ನು ಕೈಯಿಂದಲೇ ಕತ್ತರಿಸಿ ಬೆಸುಗೆ ಹಾಕುತ್ತಿದ್ದರು. ತೆಗೆಯುವುದು ಹೇಗೆ? ಡಬ್ಬಿಯ ಮೇಲೆ ಸೂಚನೆ ಇರುತ್ತಿತ್ತು: ಅಂಚಿನ ಪಕ್ಕದಲ್ಲಿ ಉಳಿ, ಸುತ್ತಿಗೆಯಿಂದ ಸುತ್ತ ಕತ್ತರಿಸಿ. ಡಬ್ಬಿ ತೆಗೆಯುವ ಸಾಧನ ಬಂದದ್ದು ನಾಲ್ಕು ದಶಕಗಳ ನಂತರ!

ನನಗೆ ಡಾಂಕಿನ್ ಇಷ್ಟವಾಗುವುದು ಅವನ ಬಿಸಿಕೋಣೆಗಾಗಿ. ಮುಚ್ಚಿದ ಡಬ್ಬಿಗಳನ್ನು ಅವನು ನೇರವಾಗಿ ಹಡಗಿಗೆ ಕಳಿಸುತ್ತಿರಲಿಲ್ಲ. 32ರಿಂದ 43 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಕೋಣೆಯಲ್ಲಿ ಒಂದು ತಿಂಗಳು ಇಡುತ್ತಿದ್ದ. ಮೊಸರಿಗೆ ಹೆಪ್ಪು ಹಾಕಿ ಒಲೆಯ ಪಕ್ಕ ಇಡುತ್ತೇವಲ್ಲ, ಹಾಗೆ. ಒಳಗೆ ಏನಾದರೂ ಹುಳುಕಿದ್ದರೆ ಅಲ್ಲೇ ಕೆಡಲಿ ಅಂತ. ಕೆಟ್ಟರೆ ಗ್ಯಾಸ್ ಹುಟ್ಟಿ ಡಬ್ಬಿಯ ತಳ, ಮುಚ್ಚಳ ಹೊರಕ್ಕೆ ಉಬ್ಬುತ್ತವೆ. ಸರಿಯಾದ ಡಬ್ಬಿಯಲ್ಲಿ, ತಣ್ಣಗಾದಮೇಲೆ, ಅವು ಸ್ವಲ್ಪ ಒಳಕ್ಕೇ ಕುಗ್ಗಿರುತ್ತವೆ. ಉಬ್ಬಿದ್ದನ್ನು ತೆಗೆದುಹಾಕು, ಉಳಿದದ್ದನ್ನು ಕಳಿಸು. ಸೂಕ್ಷ್ಮಾಣು ಅಂದರೇನು ಅಂತ ತಿಳಿಯದೆಯೇ ಆತ ಅದಕ್ಕೆ ಬಲೆ ಬೀಸಿದ್ದ.

ಹೀಗೆ ತಯಾರಾದ ಡಬ್ಬಿಗಳು ಪ್ಯಾರಿ ಅನ್ನುವ ನಾವಿಕನ ಜೊತೆ ಆರ್ಕ್ಟಿಕ್‌ಗೆ ಹೋದವು. 1825ರಲ್ಲಿ ಅವನ ಒಂದು ಹಡಗು, ಹೆಸರು ಫ್ಯೂರಿ, ಮಂಜಿಗೆ ಸಿಕ್ಕಿ ಹಾಳಾಯಿತು. ಸಾಮಾನನ್ನೆಲ್ಲ ದಡದಲ್ಲಿ ಇಳಿಸಿ ಬಿಟ್ಟುಬಂದರು. ಕೆಲವು ವರ್ಷ ಕಳೆದು ಜಾನ್ ರಾಸ್ ತಂಡ ಅದೇ ಕಡೆ ಸಿಕ್ಕಿಹಾಕಿಕೊಂಡಾಗ, ಆ ಡಬ್ಬಿಗಳೇ ಅವರ ಹೊಟ್ಟೆ ತುಂಬಿದವು.

ಈಗ ಮತ್ತೆ ಗಾಸ್‌ಪೋರ್ಟ್‌ಗೆ ಬರೋಣ. ಆ ಕೊಳೆತ ಡಬ್ಬಿಗಳನ್ನು ಒದಗಿಸಿದ್ದು ಸ್ಟೀಫನ್ ಗೋಲ್ಡ್‌ನರ್ ಅನ್ನುವ ಗುತ್ತಿಗೆದಾರ. ಮಾಂಸ ಅಗ್ಗ ಅಂತ ಅವನು ಮಾಲ್ಡೇವಿಯಾದ ಗಲಾಟ್ಸ್‌ನಲ್ಲಿ ಕಾರ್ಖಾನೆ ಇಟ್ಟಿದ್ದ. ಹಾಕಬಾರದ ಮಾಂಸ ಹಾಕಿದ ಅಂತ ಪತ್ರಿಕೆಗಳು ಅವನನ್ನು ಚೆನ್ನಾಗಿ ಬೈದವು. ಅದರಲ್ಲಿ ಸತ್ಯವೂ ಇತ್ತು, ಡಬ್ಬಿಗಳಲ್ಲಿ ಸಿಕ್ಕಿದ ಚೂರುಪಾರುಗಳು ಬೈಗುಳಕ್ಕೆ ತಕ್ಕಂತೆಯೇ ಇದ್ದವು. ಆದರೆ ಒಳ್ಳೆಯ ಮಾಂಸ ಹಾಕಿದ್ದರೂ ಎಷ್ಟೋ ಡಬ್ಬಿ ಕೆಡುತ್ತಿದ್ದವು ಅಂತ ನನಗನಿಸುತ್ತದೆ. ಯಾಕೆಂದರೆ ಡಬ್ಬಿ ದೊಡ್ಡದಾಗಿತ್ತು. ಮೊದಲು ಎರಡು, ನಾಲ್ಕು, ಆರು ಪೌಂಡಿನ ಡಬ್ಬಿಗಳು ಬರುತ್ತಿದ್ದವು. ಆಮೇಲೆ ಖರ್ಚು ಉಳಿಸಲು ಹತ್ತು ಪೌಂಡ್ ದಾಟಿದ ಡಬ್ಬಿಗಳೂ ಬಂದವು.

ದೊಡ್ಡದಾದರೆ ಏನು ತೊಂದರೆ? ಇಲ್ಲಿಯೇ ಗಾಳಿಯ ಸಿದ್ಧಾಂತ ಕಾಲಿಗೆ ತೊಡರಿಕೊಂಡದ್ದು. ಗಾಳಿ ಹೋದರೆ ಸಾಕು ಅಂದುಕೊಂಡವನಿಗೆ ಚಿಕ್ಕ ಡಬ್ಬಿಯೂ ಒಂದೇ, ದೊಡ್ಡ ಡಬ್ಬಿಯೂ ಒಂದೇ. ಮುಚ್ಚಳದಲ್ಲಿ ಒಂದು ಸಣ್ಣ ತೂತು ಬಿಟ್ಟು ಕುದಿಸು, ಹಬೆಯ ಜೊತೆ ಗಾಳಿ ಹೊರಗೆ ಹೋಗಲಿ, ತೂತಿಗೆ ಬೆಸುಗೆ ಹಾಕು. ಮುಗೀತು. ಆದರೆ ಕೊಲ್ಲಬೇಕಾದ್ದು ಜೀವ ಅಂತಾದರೆ ಲೆಕ್ಕವೇ ಬೇರೆ. ಆಗ ಡಬ್ಬಿಯ ನಟ್ಟನಡುವಿನ ಚೂರಿಗೂ ಬಿಸಿ ಮುಟ್ಟಬೇಕು.

ಸಾರಿನಲ್ಲಾದರೆ ಬಿಸಿ ದ್ರವ ಮೇಲೆ ಕೆಳಗೆ ತಿರುಗಿ ಬೇಗ ಹರಡುತ್ತದೆ. ಒತ್ತಿ ತುಂಬಿದ ಮಾಂಸದಲ್ಲಿ ಬಿಸಿ ತೆವಳಿಕೊಂಡು ಹೋಗಬೇಕು. ದಪ್ಪ ಎರಡರಷ್ಟಾದರೆ ನಡುವಿಗೆ ಮುಟ್ಟುವ ಹೊತ್ತು ಎರಡರಷ್ಟಲ್ಲ, ಹೆಚ್ಚುಕಮ್ಮಿ ನಾಲ್ಕರಷ್ಟು. ಚಿಕ್ಕ ಡಬ್ಬಿಗೆ ಒಂದು ಗಂಟೆ ಸಾಕಾಗಿದ್ದರೆ, ಅದರ ಎರಡರಷ್ಟು ಉದ್ದಗಲದ ಡಬ್ಬಿಗೆ ನಾಲ್ಕು ಗಂಟೆ. ಅಷ್ಟು ಕಾಯದೆ ತೆಗೆದರೆ ಅಂಚಿನ ಮಾಂಸ ಬೆಂದು ಕರಗಿರುತ್ತದೆ, ನಡುವಿನದು ಬರೀ ಬೆಚ್ಚಗಾಗಿರುತ್ತದೆ. ಅಂದರೆ ಡಾಂಕಿನ್‌ನ ಬಿಸಿಕೋಣೆ ಡಬ್ಬಿಯೊಳಗೇ ತಯಾರಾದಂತೆ!

1860ರ ದಶಕದಲ್ಲಿ ಲೂಯಿ ಪಾಸ್ಚರ್ ಆಹಾರ ಕೆಡಿಸುವುದು ಸೂಕ್ಷ್ಮಜೀವಿಗಳು ಅಂತ ತೋರಿಸಿದಮೇಲೂ ಒಂದು ಒಗಟು ಉಳಿದಿತ್ತು. ಚೆನ್ನಾಗಿ ಕುದಿಸಿದ ಡಬ್ಬಿಯೂ ಒಮ್ಮೊಮ್ಮೆ ಉಬ್ಬುತ್ತಿತ್ತಲ್ಲ? 1890ರ ದಶಕದ ನಡುವಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೆಸ್ಕಾಟ್ ಮತ್ತು ಅಂಡರ್‌ವುಡ್ ಅದನ್ನು ಬಿಡಿಸಿದರು. ಕೆಲವು ಬ್ಯಾಕ್ಟೀರಿಯಾಗಳು ಬೀಜಾಣು ಅನ್ನುವ ಗಟ್ಟಿ ಕವಚದೊಳಗೆ ಕೂತುಬಿಡುತ್ತವೆ. ನೂರು ಡಿಗ್ರಿಯಲ್ಲಿ ಗಂಟೆಗಟ್ಟಲೆ ಕುದಿಸಿದರೂ ಕೆಲವು ಸಾಯುವುದಿಲ್ಲ. 121 ಡಿಗ್ರಿಯಲ್ಲಾದರೆ ನಿಮಿಷಗಳ ಕೆಲಸ. ತೆರೆದ ಹಂಡೆಯಲ್ಲಿ ನೀರು ಅಷ್ಟು ಬಿಸಿಯಾಗುವುದೇ ಇಲ್ಲ. ಅದಕ್ಕೆ ಒತ್ತಡ ಬೇಕು. ನಮ್ಮ ಅಡುಗೆಮನೆಯ ಕುಕ್ಕರ್ ವಿಸಿಲ್ ಹಾಕುವ ಹೊತ್ತಿಗೆ ಒಳಗೆ ಸುಮಾರು ಅಷ್ಟೇ ಬಿಸಿ ಇರುತ್ತದೆ.

ಹಾಗಾದರೆ ಅಪೇರ್‌ನ ಸೀಸೆಗಳು ಉಳಿದದ್ದು ಹೇಗೆ? ಹಣ್ಣಿನ ಮಟ್ಟಿಗೆ ಹುಳಿಯೇ ಕಾವಲು. ಹುಳಿ ಇದ್ದ ಕಡೆ ಆ ಬೀಜಾಣುಗಳು ಮೊಳೆಯುವುದಿಲ್ಲ. ಬಟಾಣಿ, ಮಾಂಸದಲ್ಲಿ ಹುಳಿ ಇಲ್ಲ. ಅಲ್ಲಿ ತಾಜಾ ಸಾಮಾನು, ಸಪೂರ ಸೀಸೆ, ಧಾರಾಳ ಹೊತ್ತು ಅವನನ್ನು ಕಾಪಾಡಿದವು. ಒಂದಿಷ್ಟು ಅದೃಷ್ಟವೂ ಇತ್ತು ಅಂತ ಒಪ್ಪಿಕೊಳ್ಳಬೇಕು. 1930ರ ದಶಕದ ಕೊನೆಯಲ್ಲಿ, ಪ್ಯಾರಿಯ ಹಡಗಿನ ಕಾಲದ ಮಾಂಸದ ಡಬ್ಬಿಗಳನ್ನು ವಿಜ್ಞಾನಿಗಳು ತೆಗೆದರು. ನೂರು ವರ್ಷ ದಾಟಿದ ಮಾಂಸ, ಆದರೂ ಕೆಟ್ಟಿರಲಿಲ್ಲ. ಇಲಿಗಳಿಗೆ ತಿನ್ನಿಸಿದರೂ ಏನೂ ಆಗಲಿಲ್ಲ. ಆದರೆ ಆ ಹಳೆಯ ಮಾಂಸದಲ್ಲಿ ಜೀವ ಇದ್ದ ಬೀಜಾಣುಗಳೂ ಸಿಕ್ಕಿದವು. ಕುದಿಸಿದ್ದು ಎಲ್ಲವನ್ನೂ ಕೊಂದಿರಲಿಲ್ಲ. ಉಳಿದವು ಒಳಗೇ ಮಲಗಿದ್ದವು, ಅಷ್ಟೇ.

ಗಾಸ್‌ಪೋರ್ಟ್ ರಗಳೆಯ ನಂತರ ಬ್ರಿಟಿಷ್ ನೌಕಾಪಡೆ ಡೆಪ್ಟ್‌ಫರ್ಡ್‌ನಲ್ಲಿ ತನ್ನದೇ ಡಬ್ಬಿ ಕಾರ್ಖಾನೆ ತೆರೆಯಿತು. ನಮ್ಮ ಮೈಸೂರಿನಲ್ಲಿ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ ಸಿದ್ಧ ಊಟದ ಪೊಟ್ಟಣವನ್ನು ನೀವು ನೋಡಿರಬಹುದು. ಅದನ್ನೂ ತುಂಬಿ, ಮುಚ್ಚಿ, ಒತ್ತಡದಲ್ಲಿ ಬಿಸಿ ಮಾಡುತ್ತಾರೆ. ಕೈಗೆ ತಗೊಂಡು ನೋಡಿ: ಅಂಗೈಯಷ್ಟು ಅಗಲ, ಆದರೆ ದಪ್ಪ ಬೆರಳಿನಷ್ಟೇ. ಎಲ್ಲಿಂದ ಹೊರಟರೂ ಬಿಸಿ ನಡುವಿಗೆ ಮುಟ್ಟಲು ಅರ್ಧ ಬೆರಳು ದಾಟಿದರೆ ಸಾಕು.

ನಮಸ್ಕಾರ.