ಕಟ್ಟಿದ್ದು ₹1,000, ಸಾಲ ಇಳಿದದ್ದು ₹174: ಮೊದಲ ಸ್ಲೈಡ್‌ಗೆ ಹೆಡ್‌ಲೈನ್ ಬರೆಯೋದು ಹೀಗೆ

ಇವತ್ತಿನ ಇನ್‌ಸ್ಟಾಗ್ರಾಮ್ ಕ್ಯಾರೊಸೆಲ್ ಕ್ರೆಡಿಟ್ ಕಾರ್ಡಿನ ಮಿನಿಮಮ್ ಡ್ಯೂ, ಅಂದ್ರೆ ತಿಂಗಳ ಬಿಲ್ಲಿನಲ್ಲಿ ಕಡೇಪಕ್ಷ ಕಟ್ಟಲೇಬೇಕಾದ ಮೊತ್ತದ ಬಗ್ಗೆ. ಈಗಷ್ಟೇ ಮೊದಲ ಕಾರ್ಡ್ ತಗೊಂಡವರಿಗಾಗಿ ಮಾಡ್ತಿರೋದು. ಒಳಗಿನ ಸ್ಲೈಡ್‌ಗಳು ಆಮೇಲೆ. ಮೊದಲು ಕವರ್ ಮೇಲಿನ ಆ ಒಂದು ಸಾಲು.

ಥಟ್ಟನೆ ಹೊಳೆಯೋದು ಇದು: 'ಕ್ರೆಡಿಟ್ ಕಾರ್ಡ್ ಬಳಸುವಾಗ ಮಾಡುವ 5 ತಪ್ಪುಗಳು'. ಇದಕ್ಕೆ ಯಾರ ಬೆರಳೂ ನಿಲ್ಲಲ್ಲ. ತಿಂಗಳು ತಿಂಗಳು ಮಿನಿಮಮ್ ಡ್ಯೂ ಕಟ್ಟೋರು ತಾವು ಸರಿಯಾಗೇ ಕಟ್ತಿದೀವಿ ಅಂದ್ಕೊಂಡಿರ್ತಾರೆ. ತಪ್ಪು ಅನ್ನೋ ಮಾತು ತಮಗಲ್ಲ ಅಂತ ಮುಂದೆ ಹೋಗ್ತಾರೆ.

ಹಾಗಾದ್ರೆ 'ಮಿನಿಮಮ್ ಡ್ಯೂ ಕಟ್ಟಲೇಬೇಡಿ'? ಇದಕ್ಕೆ ಖಂಡಿತ ನಿಲ್ತಾರೆ. ಆದ್ರೆ ಕವರ್ ಮಾತ್ರ ಓದಿ ಏನೂ ಕಟ್ಟದೆ ಸುಮ್ಮನಾದವರಿಗೆ ಲೇಟ್ ಫೀ ಬೀಳತ್ತೆ, ಕ್ರೆಡಿಟ್ ಸ್ಕೋರ್ ಕೂಡ ಇಳಿಯತ್ತೆ. ಹಣದ ವಿಷಯದಲ್ಲಿ ಹೆಡ್‌ಲೈನ್ ಒಂದನ್ನೇ ಓದಿದವರಿಗೂ ನಷ್ಟ ಆಗಬಾರದು. ಆ ಸಾಲನ್ನ ಅಳಿಸಿಬಿಡಿ.

ಈಗ ಲೆಕ್ಕ ಹಾಕೋಣ. ಬಾಕಿ ₹20,000, ಅದರ 5% ಅಂದ್ರೆ ₹1,000 ಮಾತ್ರ ಕಟ್ಟಿದ್ರಿ. ತಿಂಗಳಿಗೆ 3.5% ಬಡ್ಡಿ ಅಂದ್ರೆ ₹700. ಆ ಬಡ್ಡಿ ಮೇಲೆ 18% ಜಿಎಸ್‌ಟಿ, ₹126. ಒಟ್ಟು ₹826 ಅಲ್ಲಿಗೇ ಹೋಯ್ತು. ಅಸಲಿಗೆ ಉಳಿದದ್ದು ₹174.

ಹೆಡ್‌ಲೈನ್ ಈ ಲೆಕ್ಕದಲ್ಲೇ ಇದೆ. ಎರಡು ಸಾಲು: 'ಕಟ್ಟಿದ್ದು ₹1,000. ಸಾಲ ಇಳಿದದ್ದು ₹174.' ಕೆಳಗೆ ಚಿಕ್ಕದಾಗಿ, 'ಕ್ರೆಡಿಟ್ ಕಾರ್ಡ್ ಮಿನಿಮಮ್ ಡ್ಯೂ, ಒಂದು ಉದಾಹರಣೆ ಲೆಕ್ಕ'. ಉದಾಹರಣೆ ಅನ್ನೋ ಪದ ಬಿಡಬೇಡಿ. ಬಡ್ಡಿ ದರ, ಮಿನಿಮಮ್ ಡ್ಯೂ ಲೆಕ್ಕ ಹಾಕೋ ರೀತಿ ಎರಡೂ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಥರ. ಇನ್ನು, ₹174ನ್ನ 'ಸುಮಾರು 200' ಅಂತ ದುಂಡಗೆ ಮಾಡಬೇಡಿ. ಪುಡಿ ಸಂಖ್ಯೆ ನೋಡಿದಾಗಲೇ ಯಾರೋ ನಿಜವಾಗಿ ಲೆಕ್ಕ ಹಾಕಿದ್ದಾರೆ ಅಂತ ನಂಬಿಕೆ ಬರೋದು.

1080 ಗುಣಿಸು 1350ರ ಸ್ಲೈಡಿನಲ್ಲಿ ಅಕ್ಷರ 100 ಪಿಕ್ಸೆಲ್ ಆಸುಪಾಸು ಇರಲಿ. ಕನ್ನಡದಲ್ಲಿ ಕೈಕೊಡೋದು ಸಾಲುಗಳ ಅಂತರ. ಮೇಲಿನ 'ಟ್ಟಿ', 'ದ್ದು' ಒತ್ತಕ್ಷರಗಳು ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗತ್ತೆ. ಲೈನ್ ಹೈಟ್ 1.4 ಇಟ್ರೆ ಸಾಮಾನ್ಯವಾಗಿ ಸರಿಹೋಗತ್ತೆ. ಪ್ರೊಫೈಲ್ ಗ್ರಿಡ್‌ನಲ್ಲಿ ಎಡಬಲ ಸುಮಾರು 34 ಪಿಕ್ಸೆಲ್ ಕತ್ತರಿಸಿಹೋಗೋದ್ರಿಂದ ಎರಡೂ ಕಡೆ 80 ಬಿಡಿ.

ಆಮೇಲೆ ಎರಡನೇ ಸ್ಲೈಡ್. ಸ್ವೈಪ್ ಮಾಡದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಅದೇ ಪೋಸ್ಟನ್ನ ಎರಡನೇ ಸ್ಲೈಡಿಂದ ತೋರಿಸತ್ತೆ. ಅಲ್ಲಿ 'ಯಾಕೆ ಗೊತ್ತಾ?' ಅಂತ ಹಾಕಿದ್ರೆ ತಲೆಬುಡ ಗೊತ್ತಾಗಲ್ಲ. ಅದರ ಬದಲು ₹20,000ದ ಬಿಲ್ಲನ್ನೇ ಇಡಿ, ಪಕ್ಕದಲ್ಲಿ 700, 126, 174 ಒಂದರ ಕೆಳಗೊಂದು.