ಮನೆಯಿಂದ ಕೆಲಸ: ಭತ್ಯೆಯೋ, ಬಿಲ್ಲಿನ ಹಣವೋ?

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಕಂಪನಿಯ ಕೆಲಸವನ್ನು ದಾವಣಗೆರೆಯ ಮನೆಯಲ್ಲೇ ಕುಳಿತು ಮಾಡುವ ತರುಣ ತರುಣಿಯರನ್ನೂ, ಅವರ ತೆರಿಗೆಯ ಕಾಗದಗಳನ್ನು ನನ್ನ ಮುಂದೆ ತಂದಿಡುವ ಅವರ ತಂದೆ ತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನಾಡುತ್ತಿದ್ದೇನೆ. ಇಂಟರ್ನೆಟ್ಟಿಗೆಂದು, ಕರೆಂಟಿಗೆಂದು ಕಂಪನಿ ಕೊಡುವ ಹಣಕ್ಕೆ ತೆರಿಗೆ ಉಂಟೇ ಎಂಬುದು ಅವರೆಲ್ಲರ ಪ್ರಶ್ನೆ. ತಿಂಗಳಿಗಿಷ್ಟು ಎಂದು ಗೊತ್ತುಮಾಡಿ ಕೊಟ್ಟರೆ ಅದು ಸಂಬಳವೇ, ಅದಕ್ಕೆ ಪೂರ್ತಿ ತೆರಿಗೆ ಉಂಟು; ಇಂಟರ್ನೆಟ್ಟಿನ ಬಿಲ್ಲು ಪಡೆದು, ಬಿಲ್ಲಿನಷ್ಟನ್ನೇ ಹಿಂತಿರುಗಿಸಿದರೆ ತೆರಿಗೆ ಇಲ್ಲ.

2025-26ನೇ ಆರ್ಥಿಕ ವರ್ಷದ ಒಂದು ಲೆಕ್ಕವನ್ನೇ ಹೇಳುತ್ತೇನೆ. ನಮ್ಮೂರಿನಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಹಿರಿಯರೊಬ್ಬರು ಬಹುಕಾಲದಿಂದ ನನ್ನ ಕಕ್ಷಿದಾರರು. ಅವರ ಮಗ ಸಾಫ್ಟ್‌ವೇರ್ ಎಂಜಿನಿಯರ್. ವರ್ಷದ ಸಂಬಳ 12,75,000 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ 75,000 ರೂಪಾಯಿಯ ಪ್ರಮಾಣಿತ ಕಡಿತವನ್ನು ಕಳೆದರೆ ಉಳಿಯುವುದು 12 ಲಕ್ಷ, ಅಷ್ಟರವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಇದರ ಮೇಲೆ ಕಂಪನಿಯು ಮನೆಯಿಂದ ಕೆಲಸ ಮಾಡುವ ಭತ್ಯೆಯೆಂದು ತಿಂಗಳಿಗೆ 2,000 ರೂಪಾಯಿ, ವರ್ಷಕ್ಕೆ 24,000 ರೂಪಾಯಿ ಸೇರಿಸಿತು. ಆದಾಯ 12,24,000ಕ್ಕೆ ಏರಿತು, ರಿಯಾಯಿತಿಯ ಗೆರೆ ದಾಟಿತು. ಗೆರೆಯನ್ನು ಸ್ವಲ್ಪವೇ ದಾಟಿದವರಿಗೆ ಹೆಚ್ಚಾದ ಆದಾಯಕ್ಕಿಂತ ಹೆಚ್ಚು ತೆರಿಗೆ ಬೀಳಬಾರದೆಂದು ಕಾನೂನು ಒಂದು ಮಿತಿ ಹಾಕಿದೆ. ಹೀಗಾಗಿ 63,600 ಆಗಬೇಕಿದ್ದ ತೆರಿಗೆ 24,000ಕ್ಕೆ ಇಳಿಯಿತು. ಅದರ ಮೇಲೆ ಶೇಕಡಾ 4ರ ಸೆಸ್, 960 ರೂಪಾಯಿ. ಅಂದರೆ ಭತ್ಯೆಯೆಂದು ಬಂದದ್ದು 24,000, ಸರ್ಕಾರಕ್ಕೆ ಹೋದದ್ದು 24,960.

ತಂದೆಯವರಿಗೆ ಸಿಟ್ಟೇ ಬಂತು. "ಅಲ್ರೀ ಆಡಿಟರೇ, ನನ್ನ ಭಟ್ಟಿಯ ಕರೆಂಟ್ ಬಿಲ್ಲನ್ನು ವರ್ಷಾ ಕಳೀತೀರಿ. ಅದೇ ಬೆಸ್ಕಾಂ ಬಿಲ್ಲು ಮಗನದಾದರೆ ಯಾಕೆ ಕಳೆಯೋದಿಲ್ಲ?" ಎಂದರು. ವ್ಯಾಪಾರಿಗೆ ಆದಾಯದಿಂದ ವ್ಯಾಪಾರದ ಖರ್ಚನ್ನು ಕಳೆಯುವ ಹಕ್ಕಿದೆ, ಸಂಬಳದಾರನಿಗೆ ಆ ಹಕ್ಕಿಲ್ಲ. ಅವನ ಪಾಲಿಗೆ ಆ ಪ್ರಮಾಣಿತ ಕಡಿತವೇ ಎಲ್ಲ ಎಂದೆ. ಮಗ ವರ್ಷದ ಇಂಟರ್ನೆಟ್ ಬಿಲ್ಲುಗಳನ್ನೆಲ್ಲ ಅಚ್ಚುಕಟ್ಟಾಗಿ ಪಿನ್ ಮಾಡಿ ತಂದಿದ್ದ. ವರ್ಷ ಮುಗಿದ ಮೇಲೆ ರಿಟರ್ನ್ ತುಂಬುವಾಗ ಆ ಬಿಲ್ಲುಗಳಿಂದ ಏನೂ ಆಗದು, ಅವನ್ನು ತಿಂಗಳು ತಿಂಗಳೂ ಕಂಪನಿಗೆ ಕೊಡಬೇಕಾಗಿತ್ತು. ಅವನ ಬಿಲ್ಲು ತಿಂಗಳಿಗೆ 1,000 ರೂಪಾಯಿ. ಅಷ್ಟನ್ನು ಭತ್ಯೆಯಾಗಿ ಅಲ್ಲದೆ ಬಿಲ್ಲಿನ ಮೇಲೆ ಪಡೆದಿದ್ದರೆ ವರ್ಷದ 12,000 ರೂಪಾಯಿ ಲೆಕ್ಕದ ಹೊರಗೇ ಉಳಿದು, 12,480 ರೂಪಾಯಿ ತೆರಿಗೆ ತಪ್ಪುತ್ತಿತ್ತು. ಉದ್ಯೋಗಿಯ ದೂರವಾಣಿ, ಮೊಬೈಲು ಖರ್ಚನ್ನು ಕಂಪನಿ ನಿಜವಾಗಿ ಭರಿಸಿದರೆ ಅದು ಸವಲತ್ತಿನ ಲೆಕ್ಕಕ್ಕೆ ಬಾರದೆಂದು ನಿಯಮವಿದೆ. ಸಂಬಳ ವಿಭಾಗಗಳು ಮನೆಯ ಬ್ರಾಡ್‌ಬ್ಯಾಂಡನ್ನೂ ಅದರಲ್ಲೇ ಸೇರಿಸುತ್ತವೆ. ಹೊಸ ಪದ್ಧತಿ ಆರಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ.

ನಿಮ್ಮದು ಯಾವುದೆಂದು ತಿಳಿಯಲು ಸಂಬಳದ ಚೀಟಿ ನೋಡಿರಿ. ಮೂಲ ವೇತನ, ಮನೆ ಬಾಡಿಗೆ ಭತ್ಯೆಗಳ ಸಾಲಿನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ ಕಾಣುತ್ತಿದ್ದರೆ, ಹೆಸರು ಏನೇ ಇರಲಿ, ಅದು ಭತ್ಯೆ. ಬಿಲ್ಲಿನೊಂದಿಗೆ ಹೆಚ್ಚು ಕಡಿಮೆಯಾಗುತ್ತಿದ್ದರೆ ಅದು ಮರುಪಾವತಿ. ಭತ್ಯೆಯಾಗಿದ್ದರೆ ವರ್ಷಾರಂಭದಲ್ಲೇ ಬದಲಿಸಿಕೊಡಿರೆಂದು ಕೇಳಿರಿ. ಮಾರ್ಚ್ ತಿಂಗಳಲ್ಲಿ ನನ್ನ ಕಚೇರಿಗೆ ಓಡಿಬಂದರೆ ನಾನೇನೂ ಮಾಡಲಾರೆ.

ಕರೆಂಟಿನ ವಿಷಯದಲ್ಲಿ ಬಿಲ್ಲು ಕೊಟ್ಟರೂ ಪ್ರಯೋಜನವಿಲ್ಲ. ಮನೆಯ ಮೀಟರು ಫ್ರಿಜ್ಜಿಗೆ ಎಷ್ಟು, ಲ್ಯಾಪ್‌ಟಾಪಿಗೆ ಎಷ್ಟು ಎಂದು ಹೇಳುವುದಿಲ್ಲ. ನೀವು ಕಟ್ಟಬೇಕಾದ ಬಾಕಿಯನ್ನು ಕಂಪನಿ ಕಟ್ಟಿದಂತಾಗುವುದರಿಂದ ಅದು ನಿಮ್ಮ ಆದಾಯ. ಭಟ್ಟಿಯ ಹಿರಿಯರು ಇದನ್ನು ಕೇಳಿ, "ಹಂಗಾದ್ರೆ ಆ ಕರೆಂಟಿನ ದುಡ್ಡು ಬೇಡ ಅಂತ ಬರೆದುಕೊಡು" ಎಂದು ಮಗನಿಗೆ ಹೇಳಿದರು. ಅವನ ಸಂಬಳದ ಮಟ್ಟಕ್ಕೆ ಆ ಮಾತು ಸರಿಯಾಗಿಯೇ ಇತ್ತು.

ನನ್ನ ಸಮಯ ಮುಗಿಯುತ್ತಿದೆಯೆಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಉಪಕರಣಗಳದ್ದು ಚುಟುಕಾಗಿ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಕಂಪನಿಯದೇ ಆಗಿದ್ದು ಬಳಕೆಗೆ ಮಾತ್ರ ಕೊಟ್ಟಿದ್ದರೆ ತೆರಿಗೆ ಇಲ್ಲ. ಕಂಪನಿಯ ಕುರ್ಚಿ, ಮೇಜುಗಳಿಗೆ ಬೆಲೆಯ ಶೇಕಡಾ 10ರಷ್ಟು ವರ್ಷಕ್ಕೊಮ್ಮೆ ಆದಾಯಕ್ಕೆ ಸೇರುತ್ತದೆ, 12,000ದ ಕುರ್ಚಿಗೆ 1,200. ನೀವೇ ನಿಮ್ಮ ಹೆಸರಿನಲ್ಲಿ ಕೊಂಡುಕೊಳ್ಳಿರೆಂದು ಹಣ ಕೊಟ್ಟರೆ ಅದು ಪೂರ್ತಿ ಸಂಬಳ. ಎರಡು ವರ್ಷ ಬಳಸಿದ ಲ್ಯಾಪ್‌ಟಾಪನ್ನು ನಿಮಗೇ ಬಿಟ್ಟುಕೊಟ್ಟರೆ, ವರ್ಷಕ್ಕೆ ಅರ್ಧದಂತೆ ಬೆಲೆ ಇಳಿಸಿ ಉಳಿದದ್ದಕ್ಕೆ ತೆರಿಗೆ. 80,000ದ ಯಂತ್ರ 20,000ಕ್ಕೆ ಬಂದು ನಿಲ್ಲುತ್ತದೆ. ನಮಸ್ಕಾರ.